ಸ್ಟೇಟಸ್ ನೋಡಿ ಕುಗ್ಗುವ ಮನಸ್ಸು: ಹಸದ್ ಹತ್ತಿರದವರ ಮೇಲೇ ಯಾಕೆ?

ಅರಬ್ ದೇಶದ ಯಾವುದೋ ಶೇಖ್ ಹತ್ತು ಕೋಟಿಯ ಕಾರು ತೆಗೆದುಕೊಂಡ ವೀಡಿಯೊ ಮೊಬೈಲಿನಲ್ಲಿ ಬಂದರೆ ನಮಗೆ ಏನೂ ಆಗುವುದಿಲ್ಲ. ‘ಮಾಶಾ ಅಲ್ಲಾಹ್, ಎಂಥ ಕಾರು ಮಾರಾಯ’ ಎಂದು ಪಕ್ಕದವನಿಗೂ ತೋರಿಸಿ ನಗುತ್ತೇವೆ. ಆದರೆ ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಪಿಯುಸಿ ಓದಿದವನು ಒಂದು ಹಳೆಯ ಸ್ವಿಫ್ಟ್ ಕಾರು ತೆಗೆದುಕೊಂಡು ಅದರ ಮುಂದೆ ಹೆಂಡತಿ ಮಕ್ಕಳ ಜೊತೆ ನಿಂತ ಫೋಟೊವನ್ನು ಸ್ಟೇಟಸ್‌ಗೆ ಹಾಕಿದರೆ? ಅವತ್ತು ರಾತ್ರಿ ಊಟ ಸರಿಯಾಗಿ ಇಳಿಯುವುದಿಲ್ಲ. ಮನೆಯವರು ಮಾತನಾಡಿಸಿದರೆ ಸಿಡುಕು. ಕಾರಣ ಕೇಳಿದರೆ ‘ಎಂತದೂ ಇಲ್ಲ, ತಲೆನೋವು’ ಎನ್ನುತ್ತೇವೆ.

ಹತ್ತು ಕೋಟಿಯ ಕಾರು ಮಾಡದ್ದನ್ನು ಎರಡೂವರೆ ಲಕ್ಷದ ಕಾರು ಯಾಕೆ ಮಾಡಿತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮೊಬೈಲ್ ನೋಡಿ ಕುಗ್ಗುವ ರೋಗದ ಅರ್ಧ ನಮಗೆ ಅರ್ಥವಾದ ಹಾಗೆ. ಈ ವಿಷಯ ಬಂದಾಗೆಲ್ಲ ‘ಮೊಬೈಲೇ ಹಾಳು, ಬಿಸಾಡಿ’ ಎನ್ನುವ ಒಂದು ಮಾತು, ‘ಇದ್ದದ್ದರಲ್ಲಿ ಶುಕ್ರ್ ಮಾಡಿ’ ಎನ್ನುವ ಇನ್ನೊಂದು ಮಾತು ಕೇಳುತ್ತೇವೆ. ಎರಡೂ ಸುಳ್ಳಲ್ಲ. ಆದರೆ ಎರಡರಿಂದಲೂ ಆ ರಾತ್ರಿ ಊಟ ಇಳಿಯದವನಿಗೆ ಉಪಯೋಗ ಇಲ್ಲ. ರೋಗ ಎಲ್ಲಿ ಉಂಟು ಎಂದು ನೋಡದೆ ಕೊಟ್ಟ ಮದ್ದು ಅದು.

ಚಪ್ಪಲಿ ಹೊಲಿಯುವವನ ಉದಾಹರಣೆ

ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಹಸದ್‌ಗೆ ಒಂದು ದೊಡ್ಡ ಭಾಗವನ್ನೇ ಇಟ್ಟಿದ್ದಾರೆ. ಅವರು ತೀರಿಕೊಂಡದ್ದು 1111ರಲ್ಲಿ. ಅಂದರೆ ಒಂಬೈನೂರು ವರ್ಷದ ಹಿಂದಿನ ಬರಹ. ಅದರಲ್ಲಿ ಅವರು ಗಮನಿಸಿ ಹೇಳುವ ವಿಷಯ ಇದು: ಹಸದ್ ದೂರದವರ ನಡುವೆ ಹುಟ್ಟುವುದು ಕಡಿಮೆ. ಒಂದೇ ಗುರಿಯ ಹಿಂದೆ ಓಡುವವರ ನಡುವೆ ಅದು ಹುಟ್ಟುತ್ತದೆ. ಆಲಿಮ್‌ಗೆ ಆಲಿಮ್‌ನ ಮೇಲೆ, ವ್ಯಾಪಾರಿಗೆ ವ್ಯಾಪಾರಿಯ ಮೇಲೆ. ಚಪ್ಪಲಿ ಹೊಲಿಯುವವನಿಗೆ ಇನ್ನೊಬ್ಬ ಚಪ್ಪಲಿ ಹೊಲಿಯುವವನ ಮೇಲೆ ಹೊಟ್ಟೆಕಿಚ್ಚು ಬರುತ್ತದೆಯೇ ಹೊರತು ಬಟ್ಟೆ ವ್ಯಾಪಾರಿಯ ಮೇಲೆ ಬರುವುದಿಲ್ಲ. ಒಂದೇ ಪೇಟೆಯಲ್ಲಿ ಅಕ್ಕಪಕ್ಕ ಕೂತವರಿಗೆ ಅದು ಇನ್ನೂ ಹೆಚ್ಚು. ಅಣ್ಣ ತಮ್ಮಂದಿರಿಗೆ, ದಾಯಾದಿಗಳಿಗೆ ಮತ್ತೂ ಹೆಚ್ಚು.

ಇದನ್ನೇ 1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಬೇರೆ ದಾರಿಯಿಂದ ಬಂದು ಹೇಳಿದರು. ಮನುಷ್ಯ ತಾನು ಎಷ್ಟರವನು ಎಂದು ತಿಳಿಯಲು ಅಳತೆಗೋಲು ಹುಡುಕುತ್ತಾನೆ. ಬೇರೆ ಅಳತೆ ಸಿಗದಿದ್ದರೆ ತನ್ನಂಥವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ ಎಂಬುದು ಅವರ ವಾದ. ತನಗಿಂತ ತೀರಾ ಮೇಲಿನವನನ್ನೂ ತೀರಾ ಕೆಳಗಿನವನನ್ನೂ ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯೂಸುಫ್ ನಬಿಯವರ ಚರಿತ್ರೆ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ತನಗೆ ಸುಜೂದ್ ಮಾಡುವ ಕನಸನ್ನು ಮಗ ಹೇಳಿದಾಗ ಯಅಕೂಬ್ ನಬಿಯವರು ಕೊಟ್ಟ ಮೊದಲ ಎಚ್ಚರಿಕೆ ಏನು? ಇದನ್ನು ಊರಿನವರಿಗೆ ಹೇಳಬೇಡ ಎಂದಲ್ಲ, ಶತ್ರುಗಳಿಗೆ ಹೇಳಬೇಡ ಎಂದೂ ಅಲ್ಲ. ನಿನ್ನ ಅಣ್ಣಂದಿರಿಗೆ ಹೇಳಬೇಡ ಎಂದು. ಒಂದೇ ಬಾಪನ ಮಕ್ಕಳು, ಒಂದೇ ಮನೆಯವರು. ಬೆಂಕಿ ಹತ್ತುವುದು ಅಲ್ಲಿಯೇ ಎಂದು ಆ ತಂದೆಗೆ ಗೊತ್ತಿತ್ತು.

ಈಗ ನಮ್ಮ ಮೊಬೈಲನ್ನು ನೋಡಿ. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಇರುವವರು ಯಾರು? ನಮ್ಮ ಫೋನಿನಲ್ಲಿ ನಂಬರ್ ಇರುವವರು. ತಂಗಿಯ ನಾದಿನಿ, ಚಿಕ್ಕಪ್ಪನ ಮಗ, ಜೊತೆಗೆ ಕಲಿತವನು, ಒಂದೇ ಜಮಾಅತ್‌ನವನು, ಒಂದೇ ವರ್ಷ ಮದುವೆಯಾದವಳು. ಅಂದರೆ ಹಸದ್ ಹುಟ್ಟಲು ಯಾರ್ಯಾರು ಬೇಕೋ ಅವರನ್ನೇ ಹೆಕ್ಕಿ ಒಂದು ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಟಿ.ವಿ.ಯಲ್ಲಿ ಸಿನೆಮಾ ನಟನ ಬಂಗಲೆ ನೋಡಿದ ನಮ್ಮ ಹಿರಿಯರಿಗೆ ಈ ಕಷ್ಟ ಇರಲಿಲ್ಲ. ನಟ ಅವರ ಅಳತೆಗೋಲು ಆಗಿರಲಿಲ್ಲ.

ಅರವತ್ತು ಜನರ ಲೆಕ್ಕ

ಇನ್ನೊಂದು ಸಂಗತಿ ಬರೀ ಲೆಕ್ಕದ್ದು. ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳುತ್ತೇನೆ.

ನಿಮ್ಮ ಫೋನಿನಲ್ಲಿ ಸ್ಟೇಟಸ್ ಹಾಕುವವರು ಅರವತ್ತು ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಇವರಲ್ಲಿ ಯಾರೂ ಬಡಾಯಿಯವರಲ್ಲ, ಸುಳ್ಳು ಹೇಳುವವರೂ ಅಲ್ಲ. ಒಬ್ಬೊಬ್ಬರು ತಮ್ಮ ಜೀವನದ ನಿಜವಾದ ಸಂತೋಷದ ದಿನಗಳನ್ನು ಮಾತ್ರ ಹಾಕುತ್ತಾರೆ. ಈದ್, ಒಂದು ಪ್ರವಾಸ, ಮನೆ ಒಕ್ಕಲು, ಮಗುವಿನ ಹುಟ್ಟು, ಹೊಸ ಬೈಕ್, ಯಾರದೋ ಮದುವೆ. ವರ್ಷಕ್ಕೆ ಹನ್ನೆರಡು ದಿನ ಎನ್ನಿ, ತಿಂಗಳಿಗೆ ಒಂದು. ಅರವತ್ತು ಜನರದ್ದು ಸೇರಿದರೆ 720. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ಎರಡು ಬಂತು.

ಅಂದರೆ ದಿನಾಲೂ ನೀವು ಮೊಬೈಲ್ ತೆರೆದಾಗ ಸರಾಸರಿ ಇಬ್ಬರು ತಮ್ಮ ಬದುಕಿನ ಅತ್ಯಂತ ಒಳ್ಳೆಯ ದಿನದಲ್ಲಿ ನಿಮಗೆ ಕಾಣುತ್ತಾರೆ. ನಿಮ್ಮದು? ನಿಮಗೂ ಅಂತಹ ಹನ್ನೆರಡು ದಿನ ಉಂಟು. ಉಳಿದ 353 ದಿನ ಹೆಬ್ರಿ ಪೇಟೆಯಲ್ಲಿ ಬಸ್ ಕಾಯುವುದು, ಗ್ಯಾಸ್ ಬುಕ್ ಮಾಡುವುದು, ಮಳೆಗಾಲದಲ್ಲಿ ಒಣಗದ ಬಟ್ಟೆ. ಆ 353 ದಿನಗಳನ್ನು ನೀವು ಬೇರೆಯವರ ಹನ್ನೆರಡು ದಿನಗಳ ಪಕ್ಕದಲ್ಲಿಟ್ಟು ತೂಗುತ್ತೀರಿ. ತಕ್ಕಡಿಯೇ ಓರೆ ಇದ್ದರೆ ನ್ಯಾಯದ ತೂಕ ಎಲ್ಲಿಂದ ಬರಬೇಕು?

ಇಲ್ಲಿ ಯಾರೂ ಮೋಸ ಮಾಡಲಿಲ್ಲ ಎನ್ನುವುದನ್ನು ಮರೆಯಬೇಡಿ. ಪ್ರತಿಯೊಬ್ಬರೂ ಸತ್ಯವನ್ನೇ ತೋರಿಸಿದರು. ಆದರೂ ಒಟ್ಟು ಚಿತ್ರ ಸುಳ್ಳು. ಯಾಕೆಂದರೆ ಆಸ್ಪತ್ರೆಯ ಬಿಲ್ ಕೈಯಲ್ಲಿ ಹಿಡಿದು ಯಾರೂ ಸ್ಟೇಟಸ್ ಹಾಕುವುದಿಲ್ಲ. ಸೊಸೈಟಿಯಿಂದ ಸಾಲದ ನೋಟಿಸ್ ಬಂದದ್ದನ್ನು, ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟದ್ದನ್ನು ಹಾಕುವುದಿಲ್ಲ. ಲೌಕಿಕ ವಿಷಯದಲ್ಲಿ ನಮಗಿಂತ ಕೆಳಗಿನವರನ್ನು ನೋಡಬೇಕು, ಮೇಲಿನವರನ್ನಲ್ಲ, ಹಾಗೆ ಮಾಡಿದರೆ ಅಲ್ಲಾಹನು ಕೊಟ್ಟದ್ದು ಸಣ್ಣದಾಗಿ ಕಾಣುವುದಿಲ್ಲ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು. ಮೊಬೈಲ್ ಇದಕ್ಕೆ ಸರಿಯಾಗಿ ಉಲ್ಟಾ ಯಂತ್ರ. ಅದರಲ್ಲಿ ಕೆಳಗೆ ನೋಡಬೇಕು ಎಂದರೂ ಸಾಧ್ಯವಿಲ್ಲ. ಆ ಕ್ಷಣದಲ್ಲಿ ನಮಗಿಂತ ಮೇಲೆ ಇರುವವರು ಮಾತ್ರ ಅಲ್ಲಿ ಕಾಣಿಸಿಕೊಳ್ಳುತ್ತಾರೆ.

ಮಣಿಪಾಲದವನು ಮತ್ತು ದುಬೈಯವನು

ಒಂದು ಜೋಡಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಇಬ್ಬರ ಒಪ್ಪಿಗೆಯೂ ಉಂಟು. ಇಬ್ಬರೂ ನಮ್ಮ ಕಡೆಯ ಹುಡುಗರು, ಪಿಯುಸಿವರೆಗೆ ಜೊತೆಗೆ ಓದಿದವರು. ಒಬ್ಬ ಮಣಿಪಾಲದ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಸಂಬಳ ತಿಂಗಳಿಗೆ ಹದಿನಾರು ಸಾವಿರ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ. ಆ ಎರಡು ಗಂಟೆ ಕೈಯಲ್ಲಿ ಮೊಬೈಲ್. ಇನ್ನೊಬ್ಬ ನಾಲ್ಕು ವರ್ಷದಿಂದ ದುಬೈಯಲ್ಲಿ.

ಮಣಿಪಾಲದವನು ಹೇಳಿದ್ದು: ‘ಉಸ್ತಾದರೇ, ಬಸ್ ಹತ್ತಿದ ಕೂಡಲೇ ಮೊದಲು ಅವನ ಸ್ಟೇಟಸ್ಸೇ ನೋಡುವುದು. ನೋಡಬಾರದು ಅಂತ ಇರ್ತದೆ, ಆದರೂ ಕೈ ಅಲ್ಲಿಗೇ ಹೋಗ್ತದೆ. ಬುರ್ಜ್ ಖಲೀಫಾ, ಬೀಚ್, ಹೋಟೆಲ್‌ನ ಮಂದಿ. ಮನೆಗೆ ಬರುವಾಗ ನನ್ನ ಮನೆಯೇ ನನಗೆ ಬೇಡ ಅನಿಸ್ತದೆ.’ ಉಮ್ಮ ಇಟ್ಟ ಚಹಾ ಕುಡಿಯದೆ ಕೋಣೆಗೆ ಹೋಗಿ ಮಲಗುವುದು ಅಭ್ಯಾಸವಾಗಿತ್ತು. ವೀಸಾಕ್ಕೆ ಎಂದು ಉಮ್ಮನ ಬಳೆ ಮಾರುವ ಮಾತು ಕೂಡ ಎರಡು ಸಲ ಬಂದಿತ್ತು.

ಕಳೆದ ಸಲ ದುಬೈಯವನು ರಜೆಯಲ್ಲಿ ಊರಿಗೆ ಬಂದಾಗ ಇಬ್ಬರೂ ಒಂದು ಸಂಜೆ ಕೂತು ಮಾತನಾಡಿದರು. ಅವನು ತನ್ನ ತಿಂಗಳ ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಹೇಳಿದ. ಸಂಬಳ 2,200 ದಿರ್ಹಮ್. ಆರು ಜನ ಮಲಗುವ ಕೋಣೆಯಲ್ಲಿ ಒಂದು ಮಂಚಕ್ಕೆ 700. ಊಟಕ್ಕೆ 500. ಫೋನು, ಬಸ್ಸು, ಮೆಟ್ರೋ ಸೇರಿ 150. ಮನೆಗೆ 800. ಉಳಿಯುವುದು 50. ಬೀಚಿನ ಫೋಟೊಗಳೆಲ್ಲ ವಾರದ ಒಂದು ರಜೆಯ ದಿನದ್ದು. ಹೋಟೆಲಿನದ್ದು ಕಂಪೆನಿಯವರು ವರ್ಷಕ್ಕೊಮ್ಮೆ ಕೊಡುವ ಊಟದ್ದು. ಅವನು ಕೊನೆಗೆ ಹೇಳಿದ ಮಾತು: ‘ನೀನು ಕಳೆದ ಈದ್‌ಗೆ ನಿನ್ನ ಬಾಪನ ಜೊತೆ ಪಳ್ಳಿಯ ಅಂಗಳದಲ್ಲಿ ನಿಂತ ಫೋಟೊ ಹಾಕಿದ್ದೆಯಲ್ಲ, ಅದನ್ನು ನಾನು ಆ ದಿನ ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ನನ್ನ ಬಾಪನ ಮಯ್ಯತ್‌ಗೆ ನನಗೆ ಬರಲಿಕ್ಕೇ ಆಗಲಿಲ್ಲ.’

ಇಬ್ಬರೂ ಒಬ್ಬರ ಫೋಟೊವನ್ನು ಇನ್ನೊಬ್ಬರು ನೋಡಿ ಕುಗ್ಗುತ್ತಿದ್ದರು. ನಾಲ್ಕು ವರ್ಷದಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡಿದ್ದು ಐದಾರು ಸಲ ಅಷ್ಟೆ. ನೋಡಿದ್ದು ಮಾತ್ರ ದಿನಾಲೂ.

ನೋಡುವುದು ಬೇರೆ, ಮಾತನಾಡುವುದು ಬೇರೆ

ಈ ಕೊನೆಯ ಎರಡು ವಾಕ್ಯದಲ್ಲಿ ವಿಷಯದ ಬೇರು ಉಂಟು ಎಂದು ನನ್ನ ಅಭಿಪ್ರಾಯ. ಸಂಶೋಧನೆ ಮಾಡಿದವರೂ ಹೆಚ್ಚುಕಡಿಮೆ ಇಲ್ಲಿಗೇ ಬಂದಿದ್ದಾರೆ.

2013ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 82 ಜನರಿಗೆ ಹದಿನಾಲ್ಕು ದಿನ, ದಿನಕ್ಕೆ ಐದು ಸಲ ಮೆಸೇಜ್ ಕಳಿಸಿ ‘ಈಗ ಮನಸ್ಸು ಹೇಗಿದೆ, ಕಳೆದ ಸಲ ಕೇಳಿದ ನಂತರ ಫೇಸ್‌ಬುಕ್ ಎಷ್ಟು ನೋಡಿದಿರಿ, ಜನರೊಡನೆ ನೇರವಾಗಿ ಎಷ್ಟು ಬೆರೆತಿರಿ’ ಎಂದು ವಿಚಾರಿಸಿದರು. ಫೇಸ್‌ಬುಕ್ ಹೆಚ್ಚು ನೋಡಿದ ನಂತರದ ಹೊತ್ತಿನಲ್ಲಿ ಮನಸ್ಸು ಇಳಿಯುತ್ತಿತ್ತು. ಜನರೊಡನೆ ಎದುರೆದುರು ಅಥವಾ ಫೋನಿನಲ್ಲಿ ಬೆರೆತಾಗ ಹಾಗೆ ಇಳಿಯಲಿಲ್ಲ. ಎರಡು ವರ್ಷ ಕಳೆದು 2015ರಲ್ಲಿ ಫಿಲಿಪ್ ವರ್ಡೈನ್ ಎಂಬವರು ಕ್ರಾಸ್ ಜೊತೆ ಸೇರಿ ಇದನ್ನು ಇನ್ನಷ್ಟು ಬಿಡಿಸಿದರು. ಕೆಲವರಿಗೆ ಹತ್ತು ನಿಮಿಷ ಫೇಸ್‌ಬುಕ್‌ನಲ್ಲಿ ಬರೆಯಲು, ಉತ್ತರ ಕೊಡಲು ಹೇಳಿದರು. ಬೇರೆ ಕೆಲವರಿಗೆ ಏನೂ ಬರೆಯದೆ ಸುಮ್ಮನೆ ಇತರರದ್ದು ನೋಡುತ್ತಾ ಹೋಗಲು ಹೇಳಿದರು. ಸುಮ್ಮನೆ ನೋಡಿದವರ ಮನಸ್ಸು ದಿನದ ಕೊನೆಗೆ ಕೆಳಗೆ ಇತ್ತು. ಮುಂದಿನ ಅಧ್ಯಯನದಲ್ಲಿ ಅದಕ್ಕೆ ಮಧ್ಯದ ಕೊಂಡಿಯಾಗಿ ಸಿಕ್ಕಿದ್ದು ಅಸೂಯೆ.

ಇದಕ್ಕೊಂದು ಮಿತಿಯೂ ಉಂಟು, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದಿಲ್ಲ. 2018ರಲ್ಲಿ ಅಮೆರಿಕದಲ್ಲಿ ಜನರಿಂದ ನಾಲ್ಕು ವಾರ ಫೇಸ್‌ಬುಕ್ ಬಂದ್ ಮಾಡಿಸಿ ನೋಡಿದ ಒಂದು ದೊಡ್ಡ ಪರೀಕ್ಷೆ ನಡೆಯಿತು. ಮನಸ್ಸಿಗೆ ಒಳಿತಾಯಿತು, ಆದರೆ ಅದರ ಪ್ರಮಾಣ ಸಣ್ಣದು. ಮನಸ್ಸು ಮೊದಲೇ ಕುಗ್ಗಿದವನು ಬೇರೆ ಏನೂ ಮಾಡಲು ಮನಸ್ಸಿಲ್ಲದೆ ಮೊಬೈಲ್ ನೋಡುತ್ತಾ ಕೂರುವುದೂ ಉಂಟು. ಆಗ ಮೊಬೈಲ್ ಕಾರಣವಲ್ಲ, ಲಕ್ಷಣ. ಹಾಗಾಗಿ ‘ಎಲ್ಲ ಮೊಬೈಲಿನಿಂದಲೇ’ ಎಂದು ಮಕ್ಕಳ ಕೈಯಿಂದ ಕಸಿದುಕೊಂಡ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ.

ಅವನಿಗೆ ನಿಜವಾಗಿಯೂ ಹೆಚ್ಚು ಇದ್ದರೆ?

ದುಬೈಯವನ ಲೆಕ್ಕ ಕೇಳಿ ಮಣಿಪಾಲದವನಿಗೆ ಸಮಾಧಾನವಾಯಿತು. ಆದರೆ ಎಲ್ಲರ ಲೆಕ್ಕ ಹಾಗೆ ಇರುವುದಿಲ್ಲ. ‘ಅದೆಲ್ಲ ತೋರಿಕೆ, ಒಳಗೆ ಏನೂ ಇಲ್ಲ’ ಎನ್ನುವ ಸಮಾಧಾನವನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದನೆಯದಾಗಿ ಅದು ಎಷ್ಟೋ ಸಲ ಸುಳ್ಳು. ಎರಡನೆಯದಾಗಿ ಅದು ಇನ್ನೊಬ್ಬನಲ್ಲಿ ಏನೂ ಇಲ್ಲದಿರಲಿ ಎಂದು ಹಾರೈಸುವ ಕಡೆಗೆ ಮನಸ್ಸನ್ನು ತಿರುಗಿಸುತ್ತದೆ.

ಒಂದೇ ಮನೆಯ ಇಬ್ಬರು ಸೊಸೆಯಂದಿರನ್ನು ನೆನೆಯಿರಿ. ಒಬ್ಬಳ ಗಂಡ ಜುಬೈಲ್‌ನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಇನ್ನೊಬ್ಬಳ ಗಂಡ ಊರಲ್ಲಿ ರಿಕ್ಷಾ ಓಡಿಸುತ್ತಾನೆ. ಹಿರಿಯವಳು ಹೊಸ ಬಳೆಯ ಫೋಟೊ ಹಾಕುತ್ತಾಳೆ. ಬಳೆ ನಿಜ, ಚಿನ್ನ ನಿಜ, ದುಡ್ಡೂ ಹಲಾಲ್‌ನದ್ದು. ಕಿರಿಯವಳಿಗೆ ಅಡುಗೆ ಕೋಣೆಯಲ್ಲಿ ಎದುರಾದರೂ ನೋವು, ಮೊಬೈಲ್ ತೆರೆದರೂ ನೋವು. ಅವಳಿಗೆ ಏನು ಹೇಳುವುದು?

ಇಲ್ಲಿ ನಮ್ಮ ವಿದ್ವಾಂಸರು ಮಾಡಿದ ಎರಡು ಭಾಗ ಉಪಯೋಗಕ್ಕೆ ಬರುತ್ತದೆ. ಅವಳಿಗಿದ್ದದ್ದು ಹೋಗಲಿ ಎಂದು ಬಯಸುವುದು ಹಸದ್. ಅವಳದ್ದು ಅವಳಿಗಿರಲಿ, ನನಗೂ ಸಿಗಲಿ ಎಂದು ಬಯಸುವುದು ಗಿಬ್ತಾ. ಮೊದಲನೆಯದು ನಿಷಿದ್ಧ, ಎರಡನೆಯದು ಅಲ್ಲ. ಡಚ್ ಭಾಷೆಯಲ್ಲೂ ಈ ಎರಡಕ್ಕೆ ಬೇರೆ ಬೇರೆ ಶಬ್ದ ಉಂಟು. 2009ರಲ್ಲಿ ನೀಲ್ಸ್ ಫಾನ್ ಡೆ ಫೆನ್ ಎಂಬ ಸಂಶೋಧಕರು ತಮ್ಮ ಅಧ್ಯಯನದಲ್ಲಿ ತೋರಿಸಿದ್ದೂ ಅದೇ: ಒಂದು ಬಗೆಯ ಅಸೂಯೆ ತಾನು ಮೇಲೇರಬೇಕು ಎನ್ನುತ್ತದೆ, ಇನ್ನೊಂದು ಅವನನ್ನು ಕೆಳಗೆ ಎಳೆಯಬೇಕು ಎನ್ನುತ್ತದೆ.

ಇನ್ನೂ ಒಂದು ಸೂಕ್ಷ್ಮ. ಬಳೆ ನೋಡಿದ ಕೂಡಲೇ ಎದೆಯಲ್ಲಿ ಚುಚ್ಚಿದ ಹಾಗೆ ಆಗುವುದು ನಮ್ಮ ಕೈಯಲ್ಲಿಲ್ಲ. ಅದು ತಾನಾಗಿ ಬರುತ್ತದೆ. ಅದನ್ನು ತಾನೇ ಒಪ್ಪದೆ, ಅದರಂತೆ ಮಾತನಾಡದೆ, ನಡೆಯದೆ ಇದ್ದವಳ ಮೇಲೆ ಗಝ್ಝಾಲಿಯವರು ತಪ್ಪು ಹೊರಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಆ ಮೊದಲ ಚುಚ್ಚಿಗೇ ‘ನಾನು ಕೆಟ್ಟವಳು, ನನ್ನ ಈಮಾನ್ ಸರಿ ಇಲ್ಲ’ ಎಂದು ಕೊರಗುತ್ತಾರೆ. ಆ ಕೊರಗು ಒಂದು ನೋವನ್ನು ಎರಡು ಮಾಡುತ್ತದೆ. ಚುಚ್ಚಿದ್ದು ಪಾಪವಲ್ಲ. ಆಮೇಲೆ ‘ಅದು ಅಸಲಿ ಇರಲಿಕ್ಕಿಲ್ಲ, ಕವರಿಂಗ್ ಆಗಿರಬೇಕು’ ಎಂದು ಪಕ್ಕದ ಮನೆಯಲ್ಲಿ ಹೇಳಿದ್ದು ಪಾಪ.

ಗಝ್ಝಾಲಿಯವರ ಮದ್ದು ಸ್ವಲ್ಪ ಕಹಿ. ಹಸದ್ ಏನು ಮಾಡು ಎನ್ನುತ್ತದೋ ಅದಕ್ಕೆ ಉಲ್ಟಾ ಮಾಡಬೇಕು. ಹೀಯಾಳಿಸು ಎಂದರೆ ಹೊಗಳಬೇಕು. ದೂರ ಮಾಡು ಎಂದರೆ ಹತ್ತಿರ ಹೋಗಬೇಕು. ಕಿರಿಯವಳು ಆ ದಿನವೇ ಅಡುಗೆ ಕೋಣೆಯಲ್ಲಿ ಹಿರಿಯವಳ ಕೈ ಹಿಡಿದು ‘ಚಂದ ಉಂಟು, ಬರಕತ್ ಇರಲಿ’ ಎಂದರೆ ಮೊದಲ ಸಲ ಅದು ಬಾಯಿಮಾತೇ ಆಗಬಹುದು. ಆದರೆ ಆ ಮಾತಿಗೆ ಹಿರಿಯವಳ ಮುಖ ಅರಳುತ್ತದೆ, ಅವಳೂ ಎರಡು ಒಳ್ಳೆಯ ಮಾತು ಆಡುತ್ತಾಳೆ, ಬಹುಶಃ ಗಂಡ ಮೂರು ವರ್ಷದಿಂದ ಬಾರದ ದುಃಖವನ್ನೂ ಹೇಳುತ್ತಾಳೆ. ಫೋಟೊದಲ್ಲಿ ಅಳತೆಗೋಲು ಆಗಿದ್ದವಳು ಆಗ ಮನುಷ್ಯಳಾಗುತ್ತಾಳೆ. ಸ್ಟೇಟಸ್‌ಗೆ ಒಂದು ಹೃದಯದ ಚಿಹ್ನೆ ಒತ್ತಿದರೆ ಈ ಕೆಲಸ ಆಗುವುದಿಲ್ಲ.

ಮಾಡಬಹುದಾದ ಕೆಲಸ

ಮೊದಲು ಒಂದು ವಾರ ಲೆಕ್ಕ ಬರೆಯಿರಿ. ಒಂದು ಸಣ್ಣ ಪುಸ್ತಕದಲ್ಲಿ ಎಷ್ಟು ಗಂಟೆಗೆ ಮೊಬೈಲ್ ತೆರೆದಿರಿ, ಎಷ್ಟು ಹೊತ್ತು ನೋಡಿದಿರಿ, ಕೆಳಗಿಟ್ಟ ನಂತರ ಮನಸ್ಸಿಗೆ ಹತ್ತರಲ್ಲಿ ಎಷ್ಟು ಮಾರ್ಕು. ಇದು ಕೆಲಸಕ್ಕೆ ಬಾರದ ಉಪಾಯ ಎಂದು ನಗಬೇಡಿ. 2018ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಅಧ್ಯಯನವೊಂದರಲ್ಲಿ 143 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಒಂದೊಂದಕ್ಕೆ ದಿನಕ್ಕೆ ಹತ್ತೇ ನಿಮಿಷ ಎಂದು ಮಿತಿ ಹಾಕಿದರು. ಮೂರು ವಾರದಲ್ಲಿ ಆ ಗುಂಪಿನವರ ಒಂಟಿತನ ಕಡಿಮೆಯಾಯಿತು, ಮೊದಲೇ ಹೆಚ್ಚು ಕುಗ್ಗಿದ್ದವರಲ್ಲಿ ಖಿನ್ನತೆಯೂ ಇಳಿಯಿತು. ಇನ್ನೊಂದು ಗುಂಪಿಗೆ ಮಿತಿ ಇರಲಿಲ್ಲ, ಬಳಸಿದ ಲೆಕ್ಕವನ್ನು ಮಾತ್ರ ಕೊಡಬೇಕಿತ್ತು. ಅವರಲ್ಲೂ ಆತಂಕ ಸ್ವಲ್ಪ ಕಡಿಮೆಯಾಗಿತ್ತು. ತಾನು ಎಷ್ಟು ನೋಡುತ್ತೇನೆ ಎಂದು ಗಮನಿಸುವುದೇ ಒಂದು ಮದ್ದು ಇರಬಹುದು ಎಂದು ಆ ಸಂಶೋಧಕರು ಹೇಳುತ್ತಾರೆ.

ವಾರದ ಕೊನೆಗೆ ಆ ಪುಸ್ತಕ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ನೋವು ಕೊಡುವವರು ಅರವತ್ತು ಜನ ಅಲ್ಲ, ನಾಲ್ಕೈದು ಜನ ಅಷ್ಟೆ. ಮೊಬೈಲ್ ತೆರೆದ ಕೂಡಲೇ ಯಾರ ಸ್ಟೇಟಸ್ ಹುಡುಕುತ್ತೀರೋ, ಆದರೆ ನೋಡಿ ಖುಷಿ ಪಡುವುದಿಲ್ಲವೋ, ಅವರು. ಆ ನಾಲ್ಕೈದು ಜನರ ಸ್ಟೇಟಸ್ಸನ್ನು ಮ್ಯೂಟ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಅವರ ಸ್ಟೇಟಸ್ಸಿನ ಮೇಲೆ ಬೆರಳು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮ್ಯೂಟ್ ಎಂದು ಬರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೂ ಇದೇ ಸೌಲಭ್ಯ ಉಂಟು. ಅವರಿಗೆ ಇದು ಗೊತ್ತಾಗುವುದಿಲ್ಲ, ಬ್ಲಾಕ್ ಮಾಡಿದ ಹಾಗೆ ಸಂಬಂಧವೂ ಕೆಡುವುದಿಲ್ಲ. ನಂಬರ್ ಇರುತ್ತದೆ, ಮೆಸೇಜ್ ಬರುತ್ತದೆ. ದಿನಾಲೂ ಕಣ್ಣಿಗೆ ಬೀಳುವುದು ಮಾತ್ರ ನಿಲ್ಲುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ ನಾಲ್ಕೈದು ಜನರಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ. ಮ್ಯೂಟ್ ಮಾಡಿ ಫೋನನ್ನೂ ಮಾಡದಿದ್ದರೆ ಅದು ಕುಟುಂಬ ಸಂಬಂಧ ಕಡಿದ ಹಾಗೆಯೇ. ಮಣಿಪಾಲದವನು ಈಗ ಹೀಗೆಯೇ ಮಾಡುತ್ತಿದ್ದಾನೆ. ದುಬೈಯವನ ಸ್ಟೇಟಸ್ ಮ್ಯೂಟ್, ಆದರೆ ಶುಕ್ರವಾರ ಜುಮಾ ಕಳೆದ ಮೇಲೆ ಒಂದು ಫೋನ್. ಅವನ ಕಷ್ಟಗಳೆಲ್ಲ ಹೋಗಿವೆ ಎಂದು ನಾನು ಹೇಳುವುದಿಲ್ಲ. ಸಂಬಳ ಹದಿನಾರು ಸಾವಿರವೇ. ಬಳೆ ಮಾರುವ ಮಾತು ಮಾತ್ರ ಮತ್ತೆ ಬರಲಿಲ್ಲ.

ಇನ್ನು ಹಾಕುವವರಿಗೆ ಒಂದು ಮಾತು. ಸಂತೋಷವನ್ನು ಮುಚ್ಚಿಡಬೇಕು ಎಂದು ನಾನು ಹೇಳುತ್ತಿಲ್ಲ. ಅಲ್ಲಾಹನ ಅನುಗ್ರಹವನ್ನು ಹೇಳಿಕೊಳ್ಳುವುದಕ್ಕೂ ಧರ್ಮದಲ್ಲಿ ಅವಕಾಶ ಉಂಟು. ಆದರೆ ಯಾರಿಗೆ ಎನ್ನುವುದು ಮುಖ್ಯ. ಮಗುವಿಗೆ ಕಾದು ಕೂತ ತಂಗಿ ನೋಡುವ ಜಾಗದಲ್ಲಿ ದಿನಕ್ಕೆ ಹತ್ತು ಸಲ ಮಗುವಿನ ಫೋಟೊ ಹಾಕುವ ಮೊದಲು ಒಮ್ಮೆ ಯೋಚಿಸಬಹುದು. ಸ್ಟೇಟಸ್ ಯಾರು ನೋಡಬೇಕು ಎಂದು ಆಯ್ಕೆ ಮಾಡುವ ಸೌಲಭ್ಯ ವಾಟ್ಸ್ಆ್ಯಪ್‌ನಲ್ಲೇ ಉಂಟು. ಯಅಕೂಬ್ ನಬಿಯವರು ಮಗನಿಗೆ ಕನಸು ಕಾಣಬೇಡ ಎನ್ನಲಿಲ್ಲ, ಯಾರಿಗೆ ಹೇಳಬಾರದು ಎಂದರು.

ತಂದೆ ತಾಯಂದಿರಿಗೂ ಒಂದು ಮಾತು. ಬೇರೆಯವರ ಮಕ್ಕಳ ಸ್ಟೇಟಸ್ ತೋರಿಸಿ ‘ನೋಡು ಅವನನ್ನು, ನಿನ್ನದೇ ಪ್ರಾಯ’ ಎಂದು ಮಗನಿಗೆ ಹೇಳುವುದನ್ನು ದಯವಿಟ್ಟು ಬಿಡಿ. ಅವನು ಅದನ್ನು ಮೊದಲೇ ನೋಡಿದ್ದಾನೆ, ಮೊದಲೇ ಅಳೆದುಕೊಂಡಿದ್ದಾನೆ. ನೀವು ಅದಕ್ಕೆ ಸೀಲು ಹೊಡೆಯುತ್ತೀರಿ.

ಡಾಕ್ಟರ್ ಬಳಿ ಹೋಗಬೇಕಾದ್ದು ಯಾವಾಗ?

ಒಂದು ಸಂಜೆಯ ಬೇಸರ ಮರುದಿನ ಸುಬಹ್‌ಗೆ ಹೋದರೆ ಅದು ಬೇಸರ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಭಾರವಾಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಿದ್ದ ಕೆಲಸದಲ್ಲಿ, ಮಕ್ಕಳ ಜೊತೆ ಆಟದಲ್ಲಿ, ನಮಾಝ್‌ನಲ್ಲಿ ಸಹ ಮನಸ್ಸು ನಿಲ್ಲದಿದ್ದರೆ, ಮೊಬೈಲ್ ಬದಿಗಿಟ್ಟರೂ ಬದಲಾಗದಿದ್ದರೆ ಅದು ಹಸದ್ ಅಲ್ಲ, ಈಮಾನ್‌ನ ಕೊರತೆಯೂ ಅಲ್ಲ. ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ‘ನಾನು ಇದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಯಲ್ಲಿ ಬಂದರೆ ಎರಡು ವಾರ ಕಾಯಲೂ ಬಾರದು.

ಮಂತ್ರಿಸಿದ ನೀರು ಕೊಡಿ, ದುಆ ಮಾಡಿಸಿ, ಬೇಡ ಎನ್ನುವುದಿಲ್ಲ. ಜೊತೆಗೆ ಡಾಕ್ಟರ್ ಬಳಿಗೂ ಕರೆದುಕೊಂಡು ಹೋಗಿ. ಮಣಿಪಾಲದ ಕೆಎಂಸಿಯಲ್ಲಿ ಮನೋವೈದ್ಯಕೀಯ ವಿಭಾಗ ಉಂಟು, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯೂ ಉಂಟು. ಹೋಗಲು ಸಂಕೋಚವಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಶುರು ಮಾಡಿದ ‘ಟೆಲಿ ಮಾನಸ್’ ಸಹಾಯವಾಣಿ ಇದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗಲ್ಲದಿದ್ದರೆ ಮನೆಯ ಇನ್ನೊಬ್ಬರಿಗೆ ಬೇಕಾಗಬಹುದು.